ಕೇಸರಿಬಾತ್‌ಗೆ ರವೆ, ಉಂಡೆಗೆ ಕಡಲೆಹಿಟ್ಟು: ಎಲ್ಲಿಯವರೆಗೆ ಹುರಿಯಬೇಕು?

ಬಾಣಲೆ ಒಲೆಗೇರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹುರಿದದ್ದು ಆಮೇಲೆ ಬೇಯುತ್ತದೆಯೋ, ಇಲ್ಲವೋ? ಕೇಸರಿಬಾತ್‌ನ ರವೆ ಕುದಿಯುವ ನೀರಿನಲ್ಲಿ ಬೇಯುತ್ತದೆ. ಅಲ್ಲಿ ಹುರಿಯುವುದು ಘಮಕ್ಕಾಗಿ ಮತ್ತು ಕಾಳು ಬಿಡಿಬಿಡಿಯಾಗಿ ಉಳಿಯಲೆಂದು. ಕಡಲೆಹಿಟ್ಟಿನ ಉಂಡೆಗೆ ಆ ಅವಕಾಶವಿಲ್ಲ. ಬಾಣಲೆಯಲ್ಲಿ ಬೆಂದಷ್ಟೇ ಬೆಂದದ್ದು, ಉಳಿದ ಹಸಿ ತಿನ್ನುವವರ ಬಾಯಿಗೇ ಬರುತ್ತದೆ. ಉರಿ, ಸಮಯ, ಬಣ್ಣ ಎಲ್ಲವನ್ನೂ ತೀರ್ಮಾನಿಸುವುದು ಈ ವ್ಯತ್ಯಾಸವೇ.

ಎರಡಕ್ಕೂ ದಪ್ಪ ತಳದ ಅಗಲ ಬಾಣಲೆ ಬೇಕು. ಗುಂಡು ಸೌಟಿಗಿಂತ ಚಪ್ಪಟೆ ಅಂಚಿನ ಮಗುಚುವ ಕೈ ಒಳ್ಳೆಯದು, ಅದು ತಳವನ್ನು ಕೆರೆದುಕೊಂಡು ಬರುತ್ತದೆ. ಉರಿ ಬಾಣಲೆಯ ತಳದಡಿಯಲ್ಲೇ ಇರಬೇಕು. ಪಕ್ಕಕ್ಕೆ ಹತ್ತಿದರೆ ಅಂಚಿನಲ್ಲಿ ನಿಂತ ಹಿಟ್ಟು ಮೊದಲು ಸೀಯುತ್ತದೆ.

ಕೇಸರಿಬಾತ್‌ನ ರವೆ

ಒಂದೇ ಲೋಟದಲ್ಲಿ ಅಳೆಯಿರಿ. ಒಂದು ಲೋಟ ಬಾಂಬೆ ರವೆಗೆ ಮೂರು ಲೋಟ ನೀರು, ಒಂದೂವರೆ ಲೋಟ ಸಕ್ಕರೆ, ಮುಕ್ಕಾಲು ಲೋಟ ತುಪ್ಪ. ಬನ್ಸಿ ರವೆ ಉಪ್ಪಿಟ್ಟಿಗೆ ಚೆನ್ನ, ಕೇಸರಿಬಾತ್‌ಗೆ ತರಿ ಹೆಚ್ಚಾಯಿತು. ಚೌಚೌ ಬಾತ್‌ಗೆಂದು ಖಾರಾಬಾತ್‌ನ ರವೆಯನ್ನೂ ಒಟ್ಟಿಗೇ ಒಣದಾಗಿ ಹುರಿದಿಡುವವರಿದ್ದಾರೆ. ಕೆಲಸ ಹಗುರವಾಗುತ್ತದೆ, ಆದರೆ ಕೇಸರಿಬಾತ್‌ನ ಪಾಲನ್ನು ತುಪ್ಪದಲ್ಲಿ ಇನ್ನೊಮ್ಮೆ ಬಿಸಿ ಮಾಡಲೇಬೇಕು.

ಕಾಲು ಲೋಟ ತುಪ್ಪ ಕಾಯಿಸಿ, ಗೋಡಂಬಿ ದ್ರಾಕ್ಷಿ ಕರಿದು ತೆಗೆದಿಡಿ. ಅದೇ ತುಪ್ಪಕ್ಕೆ ರವೆ ಸುರಿದು, ಉರಿಯನ್ನು ಸಣ್ಣದಕ್ಕೂ ಮಧ್ಯಮಕ್ಕೂ ನಡುವೆ ನಿಲ್ಲಿಸಿ. ಪಕ್ಕದ ಒಲೆಯಲ್ಲಿ ನೀರು ಕುದಿಯಲಿ.

ಮೊದಲ ಒಂದೆರಡು ನಿಮಿಷ ರವೆ ತುಪ್ಪ ಹೀರಿಕೊಂಡು ಮುದ್ದೆಮುದ್ದೆಯಾಗಿ, ಕೈಗೆ ಭಾರವಾಗಿರುತ್ತದೆ. ಅವಸರಕ್ಕೆ ಉರಿ ಏರಿಸಬೇಡಿ. ತಳದಿಂದ ಮೇಲಕ್ಕೆ ಮಗುಚುತ್ತಾ ಹೋದಂತೆ ಕಾಳುಗಳು ಬಿಡಿಸಿಕೊಳ್ಳುತ್ತವೆ. ಎಂಟು ಹತ್ತು ನಿಮಿಷಕ್ಕೆ ಮೂರು ಗುರುತು ಒಟ್ಟಿಗೆ ಸಿಗುತ್ತವೆ. ಎತ್ತಿ ಬಿಟ್ಟರೆ ರವೆ ಒಣ ಮರಳಿನಂತೆ ಜಾರಬೇಕು, ಬಾಣಲೆಗೆ ತಾಗುವಾಗ ಸರಸರ ಸದ್ದು ಬರಬೇಕು, ಹಸಿ ಹಿಟ್ಟಿನ ವಾಸನೆ ಹೋಗಿ ಘಮ ಏಳಬೇಕು. ಬಣ್ಣ ಮಾತ್ರ ಹೆಚ್ಚು ಬದಲಾಗಬಾರದು. ಅಚ್ಚ ಬಿಳುಪು ಹೋಗಿ ಕೆನೆಬಣ್ಣಕ್ಕೆ ತಿರುಗಿದರೆ ಸಾಕು. ಕೆಂಪಗೆ ಹುರಿದ ರವೆಗೆ ಎಷ್ಟು ಕೇಸರಿ ಹಾಕಿದರೂ ಬಾತ್ ಮಂಕಾಗಿ ಕಾಣುತ್ತದೆ.

ಕಡಿಮೆ ಹುರಿದರೆ ಆಗುವುದು ಬೇರೆ. ಹಸಿ ರವೆಯ ಮೇಲಿನ ಹುಡಿಹಿಟ್ಟು ಬಿಸಿನೀರು ತಾಗಿದ ಕೂಡಲೇ ಅಂಟಾಗಿ ಕಾಳಿಗೆ ಕಾಳು ಕಚ್ಚಿಕೊಳ್ಳುತ್ತದೆ. ಗಂಟು ಕಟ್ಟುವುದಕ್ಕೆ ಇದೇ ಕಾರಣ. ತುಪ್ಪ ಸವರಿದ, ಚೆನ್ನಾಗಿ ಹುರಿದ ಕಾಳು ಹೀಗೆ ಅಂಟಿಕೊಳ್ಳುವುದು ಕಡಿಮೆ.

ಈಗ ಉರಿ ಪೂರ್ತಿ ತಗ್ಗಿಸಿ, ಕುದಿಯುವ ನೀರನ್ನು ಒಂದು ಕೈಯಿಂದ ಸುರಿಯುತ್ತಾ ಇನ್ನೊಂದು ಕೈಯಿಂದ ಕಲಕಿ. ಭುಸ್ಸೆಂದು ಆವಿ ಏಳುತ್ತದೆ, ಮುಖ ದೂರವಿರಲಿ. ನೀರು ಇಂಗಿದ ಮೇಲೆ ಮುಚ್ಚಿ ಮೂರು ನಾಲ್ಕು ನಿಮಿಷ ಬಿಡಿ. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿ, ನಡುವೆ ಬಿಳಿ ಚುಕ್ಕೆ ಉಳಿದಿರಬಾರದು. ಆಮೇಲೆಯೇ ಸಕ್ಕರೆ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ, ಮೊದಲೇ ಹಾಕಿದರೆ ಅರೆಬೆಂದ ರವೆ ಅರೆಬೆಂದೇ ಉಳಿಯುತ್ತದೆ. ಆಮೇಲೆ ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಹಲ್ಲಿಗೆ ತರಿತರಿ ಸಿಗುತ್ತದೆ. ಸಕ್ಕರೆ ಬಿದ್ದಾಗ ಬಾತ್ ಒಮ್ಮೆ ನೀರಾಗುವುದು ಸಹಜ, ಮತ್ತೆ ಗಟ್ಟಿಯಾಗುತ್ತದೆ. ಕೇಸರಿ ದಳ ನೆನೆಸಿದ ಹಾಲು, ಏಲಕ್ಕಿ ಹಾಕಿ, ಉಳಿದ ತುಪ್ಪವನ್ನು ಎರಡು ಮೂರು ಸಲ ಬಿಟ್ಟು, ಬಾಣಲೆಯ ಅಂಚು ಬಿಡುವವರೆಗೆ ಮಗುಚಿ.

ಉಂಡೆಯ ಕಡಲೆಹಿಟ್ಟು

ದಸರೆಯ ಬೊಂಬೆ ನೋಡಲು ಬರುವ ಮಕ್ಕಳಿಗೆ ಕೊಡುವ ಉಂಡೆಗಳಲ್ಲಿ ತಾಳ್ಮೆ ಹೆಚ್ಚು ಬೇಡುವುದು ಇದೇ. ಕಾಲು ಕೆಜಿ ಕಡಲೆಹಿಟ್ಟು, 125ರಿಂದ 150 ಗ್ರಾಂ ತುಪ್ಪ, 200 ಗ್ರಾಂ ಪುಡಿ ಸಕ್ಕರೆ. ಸ್ವಲ್ಪ ತರಿಯಾದ ಹಿಟ್ಟು ಸಿಕ್ಕರೆ ಒಳ್ಳೆಯದು. ಹೇಗಿದ್ದರೂ ಜರಡಿ ಹಿಡಿಯಿರಿ, ಗಂಟಿನೊಳಗಿನ ಹಿಟ್ಟಿಗೆ ಶಾಖ ಮುಟ್ಟುವುದಿಲ್ಲ.

ಉರಿ ಮೊದಲಿಂದ ಕೊನೆಯವರೆಗೆ ಸಣ್ಣದೇ. ಹಿಟ್ಟು ನುಣ್ಣಗಿರುವುದರಿಂದ ತಳದ ಪದರ ಬೇಗ ಕೆಂಪಾಗುತ್ತದೆ, ಮೇಲಿನದು ಹಸಿಯಾಗಿಯೇ ಇರುತ್ತದೆ. ದೊಡ್ಡ ಉರಿಯಲ್ಲಿ ಐದು ನಿಮಿಷಕ್ಕೆ ಬರುವ ಹೊಂಬಣ್ಣ ಇಂಥದ್ದು: ಕಣ್ಣಿಗೆ ಹುರಿದಂತೆ, ನಾಲಿಗೆಗೆ ಹಸಿ. ಒಂದು ಕೆಜಿ ಒಟ್ಟಿಗೆ ಹಾಕಿದರೂ ಇದೇ ಪಾಡು, ಎರಡು ಸರದಿ ಮಾಡಿ.

ಮುಕ್ಕಾಲು ಪಾಲು ತುಪ್ಪ ಕರಗಿಸಿ ಹಿಟ್ಟು ಹಾಕಿ. ಮೊದಲಿಗೆ ಉದುರುದುರಾಗಿ, ಆಮೇಲೆ ಒತ್ತಾದ ಮುದ್ದೆಯಾಗಿ ತೋಳು ನೋಯಿಸುತ್ತದೆ. ಇಲ್ಲಿ ಅನೇಕರು ತುಪ್ಪ ಸಾಲದೆಂದು ಇನ್ನಷ್ಟು ಸುರಿಯುತ್ತಾರೆ, ಕೊನೆಗೆ ಉಂಡೆ ನಿಲ್ಲುವುದಿಲ್ಲ. ಕಾಯಿರಿ. ಸುಮಾರು ಹತ್ತು ಹನ್ನೆರಡು ನಿಮಿಷಕ್ಕೆ ಮುದ್ದೆ ತಾನಾಗಿಯೇ ಸಡಿಲವಾಗಿ, ಮಗುಚುವ ಕೈ ಹಗುರವಾಗುತ್ತದೆ. ಆಗಲೂ ಬಿಗಿಯಾಗಿದ್ದರೆ ಮಾತ್ರ ಉಳಿದ ತುಪ್ಪ ಬಿಡಿ. ಇದು ಅರ್ಧ ದಾರಿ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದ ಹೊತ್ತಿಗೆ ಹಿಟ್ಟು ಹೊಳಪು ಬಂದು ಅಂಚಿನಲ್ಲಿ ತುಪ್ಪ ಬಿಡುತ್ತದೆ, ತಿಳಿಹಳದಿ ಹೋಗಿ ಹೊಂಬಣ್ಣ ಬರುತ್ತದೆ, ಹಸಿಬೇಳೆಯ ವಾಸನೆ ಹುರಿದ ಕಡಲೆಯ ಘಮವಾಗುತ್ತದೆ. ಘಮ ಪಕ್ಕದ ಕೋಣೆಗೆ ಬಂದ ಮಾತ್ರಕ್ಕೆ ಒಲೆ ಆರಿಸಬೇಡಿ. ಒಂದು ಚಿಟಿಕೆ ತೆಗೆದು ಆರಿಸಿ ನಾಲಿಗೆ ಮೇಲಿಡಿ, ಅಂಗುಳಿಗೆ ಮೆತ್ತಿಕೊಂಡರೆ ಇನ್ನೂ ಹಸಿ.

ಇಳಿಸುವ ಮುನ್ನ ಒಂದು ಚಮಚ ನೀರು ಚಿಮುಕಿಸಿದರೆ ನೊರೆ ಎದ್ದು ಹಿಟ್ಟು ಸ್ವಲ್ಪ ಹರಳು ಹರಳಾಗುತ್ತದೆ. ನೊರೆ ಅಡಗುವವರೆಗೆ ಕೈಯಾಡಿಸಿ, ತಕ್ಷಣ ಬೇರೆ ಪಾತ್ರೆಗೆ ಸುರಿಯಿರಿ. ದಪ್ಪ ಬಾಣಲೆ ಒಲೆ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ, ಒಳ್ಳೆ ಹೊಂಬಣ್ಣ ಕಂದಾಗುವುದು ಆಗಲೇ. ಪುಡಿ ಸಕ್ಕರೆ, ಏಲಕ್ಕಿ ಬೆರೆಸುವುದು ಉಗುರುಬೆಚ್ಚಗಾದ ಮೇಲೆ. ಬಿಸಿಗೇ ಬೆರೆಸಿದರೆ ಸಕ್ಕರೆ ಕರಗಿ ಉಂಡೆ ಚಪ್ಪಟೆಯಾಗಿ ಕೂರುತ್ತದೆ.

ಹಸಿ ಉಳಿದದ್ದು ಸಕ್ಕರೆ ಬೀಳುವ ಮೊದಲು ಗೊತ್ತಾದರೆ ಮತ್ತೆ ಸಣ್ಣ ಉರಿಗೆ ಇಟ್ಟು ಸರಿಮಾಡಬಹುದು. ಕಪ್ಪು ಚುಕ್ಕೆ ಕಂಡರೆ ಅದು ತಳದಲ್ಲಿ ಸೀದ ಹಿಟ್ಟು. ಕಹಿ ಪೂರ್ತಿ ಹಬ್ಬಿರುತ್ತದೆ, ತುಪ್ಪ ಸಕ್ಕರೆ ಸುರಿದು ಇನ್ನಷ್ಟು ಹಾಳುಮಾಡಬೇಡಿ.

ಮೈಸೂರು ಪಾಕ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಕಡಲೆಹಿಟ್ಟು ಕುದಿಯುವ ಪಾಕದಲ್ಲಿ, ಮೇಲಿಂದ ಬೀಳುವ ಕಾದ ತುಪ್ಪದಲ್ಲಿ ಬೇಯುತ್ತದೆ. ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿ, ಬಣ್ಣ ತಿರುಗುವ ಮೊದಲೇ ಇಳಿಸಿ.