852 ಯೂನಿಟ್ ಬಿಲ್ಲನ್ನು ನಾನು ಸರಿ ಮಾಡಿಸಿಕೊಂಡ ಬಗೆ

ಜೂನ್ ತಿಂಗಳ ಕರೆಂಟ್ ಬಿಲ್ಲಿನಲ್ಲಿ 852 ಯೂನಿಟ್ ಅಂತ ಇತ್ತು. ನಮ್ಮ ಮನೆಯ ಬಳಕೆ ತಿಂಗಳಿಗೆ ಹೆಚ್ಚುಕಡಿಮೆ 180. ಮನೆಗೆ ಹೊಸ ಸಾಮಾನು ಏನೂ ಬಂದಿರಲಿಲ್ಲ, ನೆಂಟರೂ ಬಂದು ಉಳಿದಿರಲಿಲ್ಲ. ಇಂಥ ಹೊತ್ತಲ್ಲಿ ಫೋನ್ ಮಾಡಿ "ಬಿಲ್ ಜಾಸ್ತಿ ಬಂದಿದೆ" ಅಂದರೆ, ಆ ಕಡೆಯವರು "ಮೀಟರ್ ತೋರಿಸಿದಷ್ಟೇ ಹಾಕಿದ್ದೇವೆ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ನಾನು ದುಡ್ಡಿನ ಮಾತು ಎತ್ತಲೇ ಇಲ್ಲ. ಮೀಟರ್ ಏನು ತೋರಿಸುತ್ತಿದೆ ಅನ್ನೋದನ್ನೇ ಹಿಡಿದುಕೊಂಡೆ.

ಬಿಲ್ಲಿನ ಪ್ರಕಾರ ಜೂನ್ 5ರ ರೀಡಿಂಗ್ 15801. ನಾನು ಜೂನ್ 9ರಂದು ಮೀಟರ್ ಮುಂದೆ ನಿಂತು ನೋಡಿದೆ. ಅಲ್ಲಿದ್ದದ್ದು 15325.

ಮೀಟರ್ ಹಿಂದಕ್ಕೆ ಓಡುವುದಿಲ್ಲ, ಅಲ್ವಾ? ಜೂನ್ 9ಕ್ಕೆ 15325 ಇದ್ದರೆ ಜೂನ್ 5ಕ್ಕೆ 15801 ಇರೋಕೆ ಸಾಧ್ಯವೇ ಇಲ್ಲ. ಇಡೀ ದೂರಿನಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಇಲ್ಲ. ಆದರೆ ಫೋಟೋ ಸರಿಯಾಗಿ ತೆಗೆಯಬೇಕು. ಡಿಜಿಟಲ್ ಮೀಟರಿನ ಪರದೆ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತಾ ಇರುತ್ತದೆ. ಒಮ್ಮೆ ತಾರೀಖು, ಒಮ್ಮೆ ವೋಲ್ಟೇಜ್, ಒಮ್ಮೆ kW, ಒಮ್ಮೆ kWh. ನಮಗೆ ಬೇಕಾದ್ದು `kWh` ಅಂತ ಪಕ್ಕದಲ್ಲಿ ಕಾಣುವ ಅಂಕಿ ಮಾತ್ರ. ಅದೇ ಯೂನಿಟ್. `kVAh` ಅಂತ ಇನ್ನೊಂದು ಇರುತ್ತದೆ, ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಅದನ್ನು ತೆಗೆದು ಕಳಿಸಿದರೆ ಸುಮ್ನೆ ಗೊಂದಲ. ಚುಕ್ಕಿಯ ನಂತರದ ಅಂಕಿಯನ್ನು ಸಾಮಾನ್ಯವಾಗಿ ಬಿಲ್ಲಿಗೆ ಹಿಡಿಯುವುದಿಲ್ಲ. ಹಳೇ ಕಾಲದ ಚಕ್ರದ ಮೀಟರ್ ಆದರೆ ಕೊನೆಯ ಕೆಂಪು ಅಂಕಿ ಬಿಟ್ಟುಬಿಡಿ.

ಫೋಟೋದಲ್ಲಿ ರೀಡಿಂಗ್ ಜೊತೆಗೆ ಮೀಟರಿನ ಮೇಲೆ ಅಚ್ಚಾಗಿರುವ ಸೀರಿಯಲ್ ನಂಬರ್ ಕೂಡ ಬರಬೇಕು. ಇಲ್ಲದಿದ್ದರೆ ಅದು ಯಾರ ಮೀಟರ್ ಬೇಕಾದರೂ ಆಗಬಹುದು. ಆ ನಂಬರ್ ಬಿಲ್ಲಿನಲ್ಲಿರುವ ಮೀಟರ್ ನಂಬರಿಗೆ ತಾಳೆ ಆಗುತ್ತದೆಯೇ ಅಂತಲೂ ಅಲ್ಲೇ ನೋಡಿಕೊಂಡೆ. ಸಾಲಾಗಿ ಮೀಟರ್‌ಗಳಿರುವ ಕಟ್ಟಡಗಳಲ್ಲಿ ಪಕ್ಕದ ಮನೆಯ ರೀಡಿಂಗ್ ನಮ್ಮ ಬಿಲ್ಲಿಗೆ ಬಂದು ಕೂರುವುದುಂಟು. ನಮ್ಮದು ತಾಳೆ ಆಯಿತು.

ಜೂನ್ 12ರಂದು ಅದೇ ಹೊತ್ತಿಗೆ ಇನ್ನೊಂದು ಫೋಟೋ ತೆಗೆದೆ. 15343. ಮೂರು ದಿನಕ್ಕೆ 18 ಯೂನಿಟ್, ಅಂದರೆ ದಿನಕ್ಕೆ 6. ಈ ಎರಡನೇ ಫೋಟೋ ಇಲ್ಲದಿದ್ದರೆ ಈಗಿನ ಬಳಕೆ ಎಷ್ಟು ಅಂತ ತೋರಿಸೋಕೆ ನನ್ನ ಬಾಯಿಮಾತು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಇಷ್ಟಾದ ಮೇಲೆ ಹಳೇ ಬಿಲ್ಲುಗಳನ್ನು ಹೊರಗೆ ತೆಗೆದೆ. ಎಲ್ಲದರ ಜೆರಾಕ್ಸ್ ಮಾಡಿ ಒಟ್ಟಿಗೆ ಪಿನ್ ಹೊಡೆದು ಕೊಟ್ಟರೆ ಯಾರೂ ಓದುವುದಿಲ್ಲ. ಒಂದು ಬಿಲ್ಲಿಗೆ ಒಂದು ಸಾಲಿನಂತೆ, ಹಳೆಯದರಿಂದ ಹೊಸದಕ್ಕೆ, ಹೀಗೆ ಬರೆದೆ:

| ಅವಧಿ | ದಿನ | ಹಿಂದಿನ ರೀಡಿಂಗ್ | ಈಗಿನ ರೀಡಿಂಗ್ | ಯೂನಿಟ್ | ದಿನಕ್ಕೆ | ರೀಡಿಂಗ್ ಬಗೆ |
|---|---|---|---|---|---|---|
| ಡಿ. 5 – ಜ. 5 | 31 | 14205 | 14392 | 187 | 6.0 | ನೋಡಿ ಬರೆದದ್ದು |
| ಜ. 5 – ಫೆ. 5 | 31 | 14392 | 14575 | 183 | 5.9 | ನೋಡಿ ಬರೆದದ್ದು |
| ಫೆ. 5 – ಮಾ. 5 | 28 | 14575 | 14749 | 174 | 6.2 | ನೋಡಿ ಬರೆದದ್ದು |
| ಮಾ. 5 – ಏ. 5 | 31 | 14749 | 14849 | 100 | 3.2 | ಅಂದಾಜು |
| ಏ. 5 – ಮೇ 5 | 30 | 14849 | 14949 | 100 | 3.3 | ಅಂದಾಜು |
| ಮೇ 5 – ಜೂ. 5 | 31 | 14949 | 15801 | 852 | 27.5 | ನೋಡಿ ಬರೆದದ್ದು |

ಹಣದ ಕಾಲಂ ಬೇಕಂತಲೇ ಹಾಕಲಿಲ್ಲ. ದರ ಬದಲಾಗಿರಬಹುದು, ತೆರಿಗೆ, ನಿಗದಿತ ಶುಲ್ಕ ಎಲ್ಲಾ ಸೇರಿರುತ್ತವೆ, ಅದರಿಂದ ಏನೂ ಹೋಲಿಸೋಕೆ ಆಗುವುದಿಲ್ಲ. ದಿನಕ್ಕೆ ಎಷ್ಟು ಅನ್ನುವ ಕಾಲಂ ಮಾತ್ರ ಬೇಕೇ ಬೇಕು. 28 ದಿನದ ಬಿಲ್ಲನ್ನೂ 31 ದಿನದ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಅದೊಂದೇ ದಾರಿ. ಒಂದು ಸಾಲಿನ ಈಗಿನ ರೀಡಿಂಗ್ ಮುಂದಿನ ಸಾಲಿನ ಹಿಂದಿನ ರೀಡಿಂಗ್ ಆಗಿ ಬಂದಿದೆಯೇ ಅಂತಲೂ ಬೆರಳಿಟ್ಟು ನೋಡಬೇಕು. ಅಲ್ಲಿ ಕೊಂಡಿ ತಪ್ಪಿದ್ದರೆ, ಅದರಲ್ಲೂ ಮೀಟರ್ ಬದಲಾಯಿಸಿದ ತಿಂಗಳಲ್ಲಿ, ತಪ್ಪು ಅಲ್ಲೇ ಇರುತ್ತದೆ. ನಮ್ಮದರಲ್ಲಿ ಕೊಂಡಿ ಎಲ್ಲೂ ತಪ್ಪಿರಲಿಲ್ಲ.

ಹೀಗೆ ಸಾಲಾಗಿ ಬರೆದ ಮೇಲೆ ಇನ್ನೊಂದು ವಿಷಯ ಹೊರಗೆ ಬಂತು. ಏಪ್ರಿಲ್ ಮತ್ತು ಮೇ ಬಿಲ್ಲುಗಳಲ್ಲಿ ಯಾರೂ ಮೀಟರ್ ನೋಡಿಯೇ ಇಲ್ಲ. ಎರಡೂ ತಿಂಗಳು ಉರುಟಾಗಿ ನೂರು ನೂರು ಹಾಕಿದ್ದಾರೆ. ಬಿಲ್ಲಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಅಂದಾಜು ಅನ್ನೋದಕ್ಕೆ ಒಂದು ಗುರುತು ಇರುತ್ತದೆ. ಅದರ ಅರ್ಥ ಬಿಲ್ಲಿನ ಹಿಂಬದಿಯಲ್ಲಿ ಸಿಗುತ್ತದೆ.

ಅಂದರೆ ಒಂದೇ ಬಿಲ್ಲಿನಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಒಂದು, ರೀಡಿಂಗ್ ತಪ್ಪಾಗಿ ಓದಿದ್ದು. ಜೂನ್ 9ರ 15325ರಿಂದ ದಿನಕ್ಕೆ 6ರಂತೆ ನಾಲ್ಕು ದಿನ ಹಿಂದೆ ಹೋದರೆ 15301 ಬರುತ್ತದೆ. ಬಿಲ್ಲಿನಲ್ಲಿರುವುದು 15801. ಆ ಪರದೆಯಲ್ಲಿ 3ಕ್ಕೂ 8ಕ್ಕೂ ಇರುವ ವ್ಯತ್ಯಾಸ ಎಡಗಡೆಯ ಎರಡು ಸಣ್ಣ ಗೆರೆ ಮಾತ್ರ. ಗಾಜಿನ ಮೇಲೆ ಬಿಸಿಲು ಬಿದ್ದಿದ್ದರೆ ಮುಗಿಯಿತು. ಹೀಗೆ 500 ಯೂನಿಟ್ ಸುಳ್ಳುಸುಳ್ಳೇ ಸೇರಿಕೊಂಡಿತ್ತು.

ಎರಡನೆಯದು ಸ್ವಲ್ಪ ಸೂಕ್ಷ್ಮ. 500 ತೆಗೆದ ಮೇಲೂ ಜೂನ್ ಬಿಲ್ 352 ಯೂನಿಟ್ ಆಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ, ಅಷ್ಟು ಕರೆಂಟ್ ನಾವು ಬಳಸಿದ್ದೇ. ಆದರೆ ಬಳಸಿದ್ದು ಒಂದು ತಿಂಗಳಲ್ಲಿ ಅಲ್ಲ. ಏಪ್ರಿಲ್, ಮೇ ಬಿಲ್ಲುಗಳಲ್ಲಿ ಕಡಿಮೆ ಹಾಕಿದ ಯೂನಿಟ್ ಎಲ್ಲಾ ಜೂನ್ ತಲೆಗೆ ಬಂದಿವೆ. ಬಳಕೆ ಏರಿದಂತೆ ಯೂನಿಟ್ ದರವೂ ಏರುವ ಸ್ಲ್ಯಾಬ್ ಪದ್ಧತಿ ಇದ್ದ ಕಡೆ ಇದರಿಂದ ನಷ್ಟ ಆಗುವುದು ನಮಗೇ. ಮೂರು ತಿಂಗಳಿಗೆ ಹಂಚಿದ್ದರೆ ಕೆಳಗಿನ ಸ್ಲ್ಯಾಬಿನಲ್ಲಿ ಇರಬೇಕಿದ್ದ ಯೂನಿಟ್‌ಗಳಿಗೆ ಮೇಲಿನ ಸ್ಲ್ಯಾಬಿನ ದರ ಬೀಳುತ್ತದೆ. ಮಾರ್ಚ್ 5ರಿಂದ ಜೂನ್ 5ರವರೆಗೆ 92 ದಿನ, 14749ರಿಂದ 15301ಕ್ಕೆ 552 ಯೂನಿಟ್, ದಿನಕ್ಕೆ ಸರಿಯಾಗಿ 6. ತಿಂಗಳಿಗೆ 184. ಹಿಂದಿನ ಮೂರು ಬಿಲ್ಲುಗಳ ಲೆಕ್ಕಕ್ಕೆ ಇದು ಕೂಡಿಬಂತು. ಎಲ್ಲಾ ಯೂನಿಟ್‌ಗೂ ಒಂದೇ ದರ ಇರುವ ಕಡೆ ಈ ಎರಡನೇ ಬೇಡಿಕೆಯಿಂದ ಏನೂ ಸಿಗುವುದಿಲ್ಲ, ಬಿಟ್ಟುಬಿಡಬಹುದು.

ಹಲವರು ಮೊದಲು ಹೇಳುವ ಸಲಹೆ ಮೀಟರ್ ಟೆಸ್ಟ್ ಮಾಡಿಸಿ ಅಂತ. ನಾನು ಕೇಳಲಿಲ್ಲ. ಮೀಟರ್ ಜೋರಾಗಿ ಓಡುತ್ತಿದ್ದರೆ ಜೂನ್ 9ರಿಂದ 12ರವರೆಗೂ ಜೋರಾಗಿ ಓಡಬೇಕಿತ್ತು. ಅದು ಹಳೇ ವೇಗದಲ್ಲೇ ಇತ್ತು. ಟೆಸ್ಟ್ ಕೇಳಿದರೆ ದೂರು ಇನ್ನೊಂದು ವಿಭಾಗಕ್ಕೆ ಹೋಗುತ್ತದೆ, ಮೀಟರ್ ಸರಿಯಿದೆ ಅಂತ ವರದಿ ಬರುತ್ತದೆ, ಆ ವರದಿಯನ್ನೇ ತೋರಿಸಿ ಬಿಲ್ಲೂ ಸರಿ ಅನ್ನುತ್ತಾರೆ. ಮೇನ್ ಸ್ವಿಚ್ ಆರಿಸಿದ ಮೇಲೂ ಮೀಟರಿನ ಕೆಂಪು ದೀಪ ಮಿಣುಕುತ್ತಲೇ ಇದ್ದರೆ ಅದು ಬೇರೆ ಕಥೆ. ಆಗ ಮೀಟರಿನಿಂದ ಯಾರಿಗೋ ಲೈನ್ ಹೋಗಿದೆಯೇ ಅಂತ ನೋಡಿಸಲೇಬೇಕು.

ಪತ್ರ ಒಂದೇ ಪುಟ. ವಿಷಯದ ಸಾಲಿನಲ್ಲೇ ಗ್ರಾಹಕ ಸಂಖ್ಯೆ, ಮೀಟರ್ ನಂಬರ್, ಬಿಲ್ ನಂಬರ್ ಹಾಕಿದೆ. ಒಳಗೆ ಬರೆದದ್ದು ಇಷ್ಟು:

> ಮಾನ್ಯರೇ,
>
> ಮೇಲಿನ ಬಿಲ್ಲಿನಲ್ಲಿ ಜೂನ್ 5ರ ರೀಡಿಂಗ್ 15801 ಎಂದಿದೆ. ಜೂನ್ 9ರಂದು ಇದೇ ಮೀಟರಿನ ರೀಡಿಂಗ್ 15325 ಇತ್ತು (ಫೋಟೋ 1). ಜೂನ್ 12ರಂದು 15343 ಇತ್ತು (ಫೋಟೋ 2). ಆದ್ದರಿಂದ 15801 ತಪ್ಪು. ಅದು 15301 ಇದ್ದಿರಬೇಕು ಎಂದು ನನ್ನ ಲೆಕ್ಕ. ದಯವಿಟ್ಟು ಸಿಬ್ಬಂದಿ ಕಳಿಸಿ ಮೀಟರ್ ನೋಡಿಸಿ.
>
> ಏಪ್ರಿಲ್, ಮೇ ಬಿಲ್ಲುಗಳು ಅಂದಾಜಿನವು (ಪಟ್ಟಿ ನೋಡಿ). ಅವಕ್ಕೆ ಮುಂಚೆ ಕೊನೆಯದಾಗಿ ಮೀಟರ್ ನೋಡಿ ಬರೆದದ್ದು ಮಾರ್ಚ್ 5ರಂದು, 14749.
>
> ನನ್ನ ಕೋರಿಕೆ:
> 1. ಜೂನ್ 5ರ ರೀಡಿಂಗ್ ಸರಿಪಡಿಸಬೇಕು.
> 2. ಮಾರ್ಚ್ 5ರಿಂದ ಜೂನ್ 5ರವರೆಗಿನ ಯೂನಿಟ್‌ಗಳನ್ನು ಮೂರು ತಿಂಗಳಿಗೆ ಹಂಚಿ ಬಿಲ್ ಪರಿಷ್ಕರಿಸಬೇಕು.
> 3. ದೂರು ಇತ್ಯರ್ಥವಾಗುವ ತನಕ ಸಂಪರ್ಕ ಕಡಿತ ಮಾಡಬಾರದು, ವಿಳಂಬ ಶುಲ್ಕ ಹಾಕಬಾರದು.

15301 ಅಂತ ಖಡಾಖಂಡಿತವಾಗಿ ಬರೆಯದೆ "ಇದ್ದಿರಬೇಕು" ಅಂದದ್ದಕ್ಕೆ ಕಾರಣ ಇದೆ. ನಾನು ಕಣ್ಣಾರೆ ನೋಡಿದ್ದು 15325 ಮತ್ತು 15343. ಇವೆರಡನ್ನು ಯಾರೂ ಅಲ್ಲಗಳೆಯೋಕೆ ಆಗುವುದಿಲ್ಲ. ಊಹೆಯನ್ನೂ ನೋಡಿದ್ದನ್ನೂ ಬೆರೆಸಿದರೆ ಅವರು ಊಹೆಯನ್ನೇ ಹಿಡಿದುಕೊಂಡು ಕೂರುತ್ತಾರೆ.

ಬಿಲ್ಲಿನ ಕೊನೇ ದಿನಕ್ಕೆ ಮುಂಚೆ, ಒಪ್ಪುವಂಥ ಮೊತ್ತವನ್ನು ಕಟ್ಟುವುದು ಒಳ್ಳೆಯದು. ನಾನು ಹಿಂದಿನ ಮಾಮೂಲಿ ಬಿಲ್ಲಿನಷ್ಟು ಕಟ್ಟಿದೆ. "ವಿವಾದದಲ್ಲಿರುವ ಬಾಕಿಯನ್ನು ಒಪ್ಪಿ ಕಟ್ಟಿದ್ದಲ್ಲ" ಅಂತ ಬರೆದುಕೊಟ್ಟು ರಸೀದಿ ಇಟ್ಟುಕೊಂಡೆ. ಏನೂ ಕಟ್ಟದೆ ಕೂತರೆ ದೂರು ಪಕ್ಕಕ್ಕೆ ಹೋಗಿ ಬಾಕಿಯ ಮಾತು ಮುಂದೆ ಬರುತ್ತದೆ.

ಮೊದಲು ಬಂದ ಉತ್ತರ ಎಲ್ಲರಿಗೂ ಬರುವಂಥದ್ದೇ. "ಬಿಲ್ ಮೀಟರ್ ರೀಡಿಂಗ್ ಆಧಾರದ ಮೇಲಿದೆ, ದೂರು ಮುಕ್ತಾಯ." ಹೊಸ ದೂರು ಕೊಡದೆ, ಅದೇ ದೂರು ಸಂಖ್ಯೆಗೆ ಒಂದೇ ಪ್ರಶ್ನೆ ಕಳಿಸಿದೆ: "ಜೂನ್ 9ಕ್ಕೆ 15325 ಇದ್ದ ಮೀಟರ್ ಜೂನ್ 5ಕ್ಕೆ 15801 ಹೇಗೆ ತೋರಿಸಿತು? ನಿಮ್ಮ ಸಿಬ್ಬಂದಿ ಆ ದಿನ ತೆಗೆದ ಫೋಟೋ ಇದ್ದರೆ ಕೊಡಿ." ಹೊಸ ದೂರು ಕೊಟ್ಟಿದ್ದರೆ ಮತ್ತೆ ಮೊದಲಿನಿಂದ ಶುರು ಆಗುತ್ತಿತ್ತು. ಈ ಪ್ರಶ್ನೆಗೆ ಮಾಮೂಲಿ ಉತ್ತರ ಹೊಂದುವುದಿಲ್ಲ, ಯಾರಾದರೂ ಕಡತ ತೆರೆದು ನೋಡಲೇಬೇಕು. ಸಿಬ್ಬಂದಿ ಬಂದು ಮೀಟರ್ ನೋಡಿ ಹೋದರು. ಜೂನ್ 5ರ ರೀಡಿಂಗ್ 15301 ಅಂತ ತಿದ್ದಿದ ಬಿಲ್ ಬಂತು. ಅದರಲ್ಲಿ 352 ಯೂನಿಟ್ ಪೂರಾ ಜೂನ್‌ಗೇ ಹಾಕಿದ್ದರು! ಎರಡನೇ ಕೋರಿಕೆ ಹಾಗೇ ಬಾಕಿ ಇದೆ ಅಂತ ಪಟ್ಟಿಯ ಅಂದಾಜು ಸಾಲುಗಳಿಗೆ ಗುರುತು ಹಾಕಿ ಮತ್ತೆ ಕಳಿಸಿದೆ. ಆಮೇಲೆ ಹಂಚಿಕೆಯೂ ಆಯಿತು. ಅಲ್ಲೂ ಆಗದಿದ್ದರೆ ಮುಂದಿನ ಹಂತ ಗ್ರಾಹಕರ ಕುಂದುಕೊರತೆ ವೇದಿಕೆ. ಅಲ್ಲಿಗೂ ಇದೇ ಪಟ್ಟಿ, ಇದೇ ಫೋಟೋ, ಜೊತೆಗೆ ಅವರ ಉತ್ತರಗಳು ಸಾಕು.

ತಿದ್ದಿದ ಬಿಲ್ ಕೈಗೆ ಬಂದರೂ ಮುಂದಿನ ಬಿಲ್ ನೋಡುವ ತನಕ ಕಡತ ಮುಚ್ಚಬೇಡಿ. ಬಿಲ್ ಮೊತ್ತ ತಿದ್ದಿ, ಕಂಪ್ಯೂಟರಿನಲ್ಲಿ ರೀಡಿಂಗ್ 15801 ಹಾಗೇ ಬಿಟ್ಟಿದ್ದರೆ ಜುಲೈನಲ್ಲಿ ಹೊಸ ರಗಳೆ. ಈಗಿನ ರೀಡಿಂಗ್ ಹಿಂದಿನದಕ್ಕಿಂತ ಕಡಿಮೆ ಬರುತ್ತದೆ. ಮೀಟರ್ 99999 ದಾಟಿ ಮತ್ತೆ ಸೊನ್ನೆಯಿಂದ ಶುರುವಾಗಿದೆ ಅಂತ ಲೆಕ್ಕ ಹಿಡಿದರೆ ಹತ್ತಿರ ಹತ್ತಿರ ಒಂದು ಲಕ್ಷ ಯೂನಿಟ್ ಬಿಲ್ ಬರಬಹುದು. ನಮ್ಮ ಜುಲೈ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 15301, ಈಗಿನದು 15484, ಬಳಕೆ 183 ಇತ್ತು. ಹಳೇ ಮೊತ್ತದ ಮೇಲೆ ಹಾಕಿದ್ದ ವಿಳಂಬ ಶುಲ್ಕ ಮಾತ್ರ ಇನ್ನೂ ಕೆಳಗೆ ಅಂಟಿಕೊಂಡಿತ್ತು. ಅದೇ ದೂರು ಸಂಖ್ಯೆ ಹಾಕಿ ಬರೆದ ಮೇಲೆ ಅದನ್ನೂ ತೆಗೆದರು.