ಲೋಗೊ ಕೆಲಸದ ಪ್ರಸ್ತಾವದಲ್ಲಿ ಮೊತ್ತಕ್ಕೆ ಮೊದಲು ಎಲ್ಲೆ

ಕಳೆದ ವರ್ಷ ಮಸಾಲೆ ಪುಡಿ ತಯಾರಿಸುವ ಒಬ್ಬರಿಗೆ ನಾನು ಕಳಿಸಿದ ಇಮೇಲ್‌ನಲ್ಲಿ ‘ಲೋಗೊ ಮತ್ತು ಪ್ಯಾಕೆಟ್ ವಿನ್ಯಾಸ, 25,000 ರೂಪಾಯಿ’ ಎಂದಷ್ಟೇ ಇತ್ತು. ಸಾಂಬಾರ್, ರಸಂ, ಪುಳಿಯೋಗರೆ ಸೇರಿ ಏಳು ಪುಡಿಗಳ ಪ್ಯಾಕೆಟ್ಟೂ ಅದರಲ್ಲೇ ಬರುತ್ತದೆಂದು ಅವರು ತಿಳಿದಿದ್ದರು. ನನ್ನ ಲೆಕ್ಕದಲ್ಲಿದ್ದದ್ದು ಒಂದೇ. ತಪ್ಪು ನನ್ನದೇ.

ಈಗ ಹೀಗೆ ಬರೆಯುತ್ತೇನೆ: ‘ಕನ್ನಡ ಮತ್ತು ಇಂಗ್ಲಿಷ್ ಲೋಗೊಗೆ ಮೂರು ಕರಡು, ನೀವು ಆರಿಸಿದ ಒಂದಕ್ಕೆ ಎರಡು ಸುತ್ತಿನ ತಿದ್ದುಪಡಿ ಮತ್ತು ಒಂದು ಪ್ಯಾಕೆಟ್‌ನ ಮಾದರಿ ಸೇರಿ 25,000 ರೂಪಾಯಿ. ಅದೇ ಮಾದರಿಯ ಪ್ರತಿ ಹೆಚ್ಚುವರಿ ಪ್ಯಾಕೆಟ್‌ಗೆ 2,000 ರೂಪಾಯಿ. ಅರ್ಧ ಹಣ ಮುಂಗಡ. ಉಳಿದದ್ದು ಮುದ್ರಣದ ಫೈಲ್ ಕೊಡುವ ಮುನ್ನ. ಮುದ್ರಣದ ಖರ್ಚು, ಟ್ರೇಡ್‌ಮಾರ್ಕ್ ನೋಂದಣಿ ಇದರಲ್ಲಿ ಸೇರಿಲ್ಲ.’

ಹಲವರು ಬಿಟ್ಟುಬಿಡುವ ಸಾಲು ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷಕ್ಕೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೂ ಸೀಮಿತವಾಗುತ್ತದೆ. ಆದ್ದರಿಂದ ‘ಪೂರ್ಣ ಹಣ ಸಂದ ಮೇಲೆ ಆಯ್ಕೆಯಾದ ಲೋಗೊದ ಹಕ್ಕನ್ನು ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಸಹಿ ಮಾಡಿದ ಪತ್ರದ ಮೂಲಕ ನಿಮಗೆ ವರ್ಗಾಯಿಸುತ್ತೇನೆ; ಉಳಿದೆರಡು ಕರಡು ನನ್ನವೇ’ ಎಂದು ಸೇರಿಸಿ.