ವೀಲ್‌ಚೇರ್‌ಗಿಂತ ಮೊದಲು ಬಚ್ಚಲ ಬಾಗಿಲು ಅಳೆಯಿರಿ

ಅಮ್ಮನ ತೂಕ 78 ಕಿಲೋ, ಕೂತಾಗ ಸೊಂಟದ ಅಗಲ 16 ಇಂಚು. ಹಾಸಿಗೆಯಿಂದ ಶೌಚಕ್ಕೆ ಹೋಗಿಬರುವುದೇ ದಿನದ ಮುಖ್ಯ ಓಡಾಟ. ಅದಕ್ಕೇ ಅಂಗಡಿಗೆ ಹೋಗುವ ಮುನ್ನ ಬಚ್ಚಲ ಬಾಗಿಲಿಗೆ ಟೇಪ್ ಹಿಡಿದೆ. ಚೌಕಟ್ಟಿನೊಳಗೆ 28 ಇಂಚು. ಆದರೆ ತೆರೆದ ಬಾಗಿಲಿನ ದಪ್ಪ ಒಂದೂಕಾಲು ಇಂಚು ತಿನ್ನುತ್ತದೆ, ಚಿಲಕ ಇನ್ನೊಂದು ಇಂಚು. ನಿಜಕ್ಕೂ ಸಿಗುವ ದಾರಿ ಇಪ್ಪತ್ತೈದೂಮುಕ್ಕಾಲು ಇಂಚು ಮಾತ್ರ.

ವೀಲ್‌ಚೇರ್ ಮೇಲೆ ಬರೆದ 18 ಇಂಚು ಸೀಟಿನ ಅಗಲ. ಸೊಂಟದ ಎರಡೂ ಬದಿಗೆ ಒಂದೊಂದು ಇಂಚು ಬಿಟ್ಟರೆ ಅಮ್ಮನಿಗೆ ಅದೇ ಸರಿ. ಅದಕ್ಕಿಂತ ಅಗಲವಾದರೆ ಮೈ ಒಂದು ಕಡೆಗೆ ವಾಲುತ್ತದೆ. ಆದರೆ ದೊಡ್ಡ ಚಕ್ರ, ಅದರ ಹೊರಗೆ ಕೈಯಿಂದ ತಿರುಗಿಸುವ ಬಳೆ ಸೇರಿ ಆ ಕುರ್ಚಿಯ ಒಟ್ಟು ಅಗಲ 26 ಇಂಚು. ಬಚ್ಚಲಿಗೆ ಅದು ಹೋಗುವುದೇ ಇಲ್ಲ. ಹಾಗಾಗಿ ಮಡಚುವ ವೀಲ್‌ಚೇರ್ ಆಸ್ಪತ್ರೆಗೆ ಹೋಗಲಷ್ಟೇ. ಕಾಲಿಡುವ ಪಟ್ಟಿ ಕಳಚುವಂಥದ್ದನ್ನೇ ಆರಿಸಿದೆ. ಅದರ ಮೇಲೆ ಕಾಲಿಟ್ಟುಕೊಂಡೇ ಏಳಹೊರಟರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ.

ಬಚ್ಚಲಿಗೆ ತಂದದ್ದು ಸಣ್ಣ ಚಕ್ರಗಳ ಕಮೋಡ್ ಚೇರ್, ಅಗಲ 21 ಇಂಚು. ಅಮ್ಮ ಕೂತಂತೆಯೇ ಅದನ್ನು ಕಮೋಡ್‌ನ ಮೇಲಕ್ಕೆ ತಳ್ಳಬೇಕು. ಇಲ್ಲಿ ಎಡವುವುದು ಎತ್ತರದಲ್ಲಿ. ನಮ್ಮ ಕಮೋಡ್‌ನ ಅಂಚು ನೆಲದಿಂದ 16 ಇಂಚು. ಕುರ್ಚಿಯ ಸೀಟು 19 ಇದ್ದರೂ ಶೌಚದ ಪಾತ್ರೆ ಜಾರಿಸುವ ಕಂಬಿಗಳು ಅದರ ಕೆಳಗೆ ಜೋತಿರುತ್ತವೆ. ಅಳೆಯಬೇಕಾದ್ದು ಆ ಕಂಬಿಯಿಂದ ನೆಲಕ್ಕೆ. ಕನಿಷ್ಠ 17 ಇಂಚು ಬೇಕು, ಕಮೋಡ್‌ನ ಸೀಟನ್ನು ಮೇಲಕ್ಕೆತ್ತಿಯೇ ತಳ್ಳಬೇಕು. ಹಿಂದಿನ ಎರಡು ಕಾಲುಗಳ ನಡುವೆ ಕೆಳಗೆ ಅಡ್ಡಪಟ್ಟಿ ಇದ್ದರೆ ಅದು ಕಮೋಡ್‌ಗೆ ತಾಗಿ ಕುರ್ಚಿ ಅರ್ಧದಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ಬಗ್ಗಿ ನೋಡಿದರೆ ಅಷ್ಟೂ ಗೊತ್ತಾಗುತ್ತದೆ.

ತೂಕಕ್ಕೆ 100 ಕಿಲೋ ಮಿತಿಯದ್ದು ಕೊಂಡೆ. 80 ಸಾಲದು, ಏಕೆಂದರೆ ಮೊಣಕಾಲು ಸೋತವರು ಮೆಲ್ಲಗೆ ಕೂರಲಾರರು, ಧೊಪ್ಪನೆ ಕುಸಿಯುತ್ತಾರೆ. ಏಳುವಾಗ ಭಾರವೆಲ್ಲ ಕುರ್ಚಿಯ ಒಂದೇ ಕೈಯ ಮೇಲೆ ಬೀಳುತ್ತದೆ. ಮಡಚುವ ಮಾದರಿಯಲ್ಲಿ ಮೊದಲು ಸಡಿಲವಾಗುವುದು ಕೀಲಿನ ಸ್ಕ್ರೂ. ವಾರಕ್ಕೊಮ್ಮೆ ಕುರ್ಚಿಯ ಎರಡೂ ಕೈ ಹಿಡಿದು ಅಲ್ಲಾಡಿಸುತ್ತೇನೆ, ಕಟಕಟ ಸದ್ದು ಬಂದರೆ ಬಿಗಿ ಮಾಡುತ್ತೇನೆ. ನಾಲ್ಕೂ ಬ್ರೇಕ್ ಹಾಕಿ ಒದ್ದೆ ನೆಲದ ಮೇಲೆ ತಳ್ಳಿ ನೋಡುವುದೂ ಆಗಲೇ.

ಕೋಣೆಯೊಳಗಿನ ನಡಿಗೆಗೆ ವಾಕರ್. ದಿನವೂ ಹಾಕುವ ಚಪ್ಪಲಿಯಲ್ಲಿ ನೆಟ್ಟಗೆ ನಿಲ್ಲಿಸಿ ಕೈ ಇಳಿಬಿಡಿಸಿದಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಎತ್ತರ ಹೊಂದಿಸುವ ಗುಂಡಿ ನಾಲ್ಕೂ ಕಾಲಿನಲ್ಲಿ ಒಂದೇ ಎಣಿಕೆಯ ತೂತಿನಿಂದ ಪೂರ್ತಿ ಹೊರಬಂದಿರಬೇಕು. ಹೊಸ್ತಿಲಲ್ಲಿ ವಾಕರ್ ಮೊದಲು ಆಚೆ ಇಳಿಯಬೇಕು, ನಾಲ್ಕು ಕಾಲೂ ಊರಿದ ಮೇಲೆ ಅಮ್ಮನ ಹೆಜ್ಜೆ. ತಳದ ರಬ್ಬರ್ ಬುಶ್ ಸವೆದು ಗೀರು ಮಾಸಿದೊಡನೆ ಬದಲಿಸುತ್ತೇನೆ. ಟೈಲ್ಸ್ ಮೇಲೆ ಜಾರುವುದು ಅದೇ.